ಎರಡು ಪೈಪು, ಒಂದೇ ಎತ್ತರ: ಸೋಲಾರ್ ಬಿಸಿನೀರು ಬಚ್ಚಲಮನೆಗೆ ಇಳಿಯುವ ಲೆಕ್ಕ

ಸೋಲಾರ್ ವಾಟರ್ ಹೀಟರ್ ಬಗ್ಗೆ ಬರೆಯೋರು ಸಾಮಾನ್ಯವಾಗಿ ತಾರಸಿ ಮೇಲೇ ನಿಂತುಬಿಡ್ತಾರೆ. ಟ್ಯೂಬಿನದು ಒಳ್ಳೇದೋ ಪ್ಲೇಟಿನದು ಒಳ್ಳೇದೋ, ದಕ್ಷಿಣಕ್ಕೆ ಎಷ್ಟು ಡಿಗ್ರಿ ವಾಲಿಸಬೇಕು, ನೂರು ಲೀಟರ್ ಸಾಕೋ ಇನ್ನೂರು ಬೇಕೋ, ಇಷ್ಟೇ. ನೀರು ಕಾಯೋದು ಅಲ್ಲಿ ನಿಜ. ಆದರೆ ನಾವು ನೋಡಿದ ಮಟ್ಟಿಗೆ ಮನೆಯವರ ದೂರುಗಳು ಹೆಚ್ಚಾಗಿ ಕಾಯೋದರ ಬಗ್ಗೆ ಅಲ್ಲ. "ಮೇಲೆ ಕುದೀತಾ ಇರುತ್ತೆ, ಕೆಳಗೆ ನಲ್ಲೀಲಿ ಬರಲ್ಲ", "ಒಂದ್ಸಲ ಸುಡುತ್ತೆ, ಒಂದ್ಸಲ ಕೊರೆಯುತ್ತೆ", "ಫ್ಲಶ್ ಟ್ಯಾಂಕಿಗೆ ಬಿಸಿನೀರು ಬರ್ತಿದೆ" ಅನ್ನೋ ತರದವು. ಇವೆಲ್ಲ ಟ್ಯಾಂಕಿನಿಂದ ನಲ್ಲಿಯವರೆಗಿನ ದಾರಿಯ ತೊಂದರೆಗಳು. ಈ ಲೇಖನ ಆ ದಾರಿಯದು.

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ದೇವರಾಯನದುರ್ಗದ ಬೆಟ್ಟದ ಬುಡದಲ್ಲಿ, ತುಮಕೂರಿನ ಕಡೆ ಬರೋ ದಾರಿಯಲ್ಲಿ, ನಮ್ಮ ಗುಂಪಿನ ಒಬ್ಬನ ದೊಡ್ಡಪ್ಪನ ಮನೆ. ಒಂದೇ ಅಂತಸ್ತು, ಎರಡು ಬಚ್ಚಲಮನೆ. ತಾರಸಿ ಮೇಲೆ ಮೆಟ್ಟಿಲ ಕೋಣೆ, ಅದರ ಮೇಲೆ 1000 ಲೀಟರಿನ ಕರೀ ಟ್ಯಾಂಕು, ಪಕ್ಕದಲ್ಲಿ 200 ಲೀಟರಿನ ಟ್ಯೂಬ್ ಸೋಲಾರ್. ನೀರು ಬೋರ್‌ವೆಲ್‌ನದು, ಗಡಸು. ಕೋತಿಗಳು ಬೇಕಾದಷ್ಟು. ಮನೇಲಿ ಅಜ್ಜಿ ಸೇರಿ ನಾಲ್ಕು ಜನ.

ಈ ಮನೆಯಲ್ಲಿ ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಒಳಗಿನ ಬಚ್ಚಲಮನೆಗೆ ದೊಡ್ಡ ತಲೆಯ ಶವರ್ ಹಾಕಿಸಿದ ಮೇಲೆ ನೀರಿನ ಫೋರ್ಸು ಸಾಲದು ಅನ್ನಿಸಿತು. ತಣ್ಣೀರಿನ ಲೈನಿಗೆ ಒಂದು ಪ್ರೆಷರ್ ಪಂಪ್ ಕೂರಿಸಿದರು. ಅವತ್ತಿನಿಂದ ಎರಡು ಹೊಸ ತೊಂದರೆ. ಶವರಿನಲ್ಲಿ ಬಿಸಿನೀರು ನಿಂತೇಹೋಯಿತು, ತಾರಸಿ ಮೇಲೆ ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಮೇಲಕ್ಕೆ ಹೋಗುವ ಸಣ್ಣ ಪೈಪಿನ ಬಾಯಿಂದ ನೀರು ತೊಟ್ಟಿಕ್ಕೋಕೆ ಶುರುವಾಯಿತು. ನೋಡೋಕೆ ಬಂದ ಕೆಲಸದವರು ಸುಲಭದ ಪರಿಹಾರ ಹೇಳಿದರು: "ಯಜಮಾನ್ರೇ, ಆ ಪೈಪಿಗೊಂದು ಎಂಡ್ ಕ್ಯಾಪ್ ಹಾಕ್ಬುಡೋಣ, ನೀರು ನಿಂತೋಗುತ್ತೆ." ದೊಡ್ಡಪ್ಪ ಅದಕ್ಕೆ ಒಪ್ಪೋ ಮೊದಲು ನಮ್ಮನ್ನ ಕೇಳಿದರು. ಕ್ಯಾಪ್ ಹಾಕಿದ್ದರೆ ನೀರು ಖಂಡಿತ ನಿಲ್ತಿತ್ತು. ಜೊತೆಗೆ ತಾರಸಿ ಮೇಲೊಂದು ಮುಚ್ಚಿದ ಬಾಯ್ಲರ್ ತಯಾರಾಗ್ತಿತ್ತು. ಯಾಕೆ ಅಂತ ನೋಡೋಕೆ ಮೊದಲು ಎತ್ತರಗಳ ಲೆಕ್ಕ ಬೇಕು.

ಎತ್ತರದ ಲೆಕ್ಕ

ಪಂಪ್ ಇಲ್ಲದ ಮನೆಯಲ್ಲಿ ನೀರಿನ ಒತ್ತಡ ಅಂದ್ರೆ ಎತ್ತರ, ಬೇರೇನೂ ಇಲ್ಲ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತೆ. ನಾವು ಟೇಪ್ ಹಿಡಿದು ಅಳೆದಾಗ, ಬಚ್ಚಲಮನೆ ನೆಲದಿಂದ ತಾರಸಿ 3.2 ಮೀಟರ್, ತಾರಸಿಯಿಂದ ಕರೀ ಟ್ಯಾಂಕಿನ ತಳ 2.4 ಮೀಟರ್, ಶವರ್ ನೆಲದಿಂದ 2 ಮೀಟರ್. ಅಂದ್ರೆ ಟ್ಯಾಂಕಿನ ತಳದಿಂದ ಶವರಿಗೆ 3.6 ಮೀಟರ್ ಇಳಿತ, 0.36 ಬಾರ್. ಟ್ಯಾಂಕ್ ಪೂರ್ತಿ ತುಂಬಿದ್ದರೆ ಇನ್ನು 1.2 ಮೀಟರ್ ಸೇರಿ 0.48 ಬಾರ್.

ಬಿಸಿನೀರಿಗೂ ಇದೇ ಒತ್ತಡ. ಇದು ಬಹಳ ಜನರಿಗೆ ಹೊಳೆಯೋದಿಲ್ಲ. ಸೋಲಾರ್ ಟ್ಯಾಂಕು ಕರೀ ಟ್ಯಾಂಕಿಗಿಂತ ತಗ್ಗಿನಲ್ಲಿದೆ, ಹಾಗಾಗಿ ಬಿಸಿನೀರಿನ ಒತ್ತಡ ಕಡಿಮೆ ಅಂದುಕೊಳ್ತಾರೆ. ಹಾಗಲ್ಲ. ಸೋಲಾರ್ ಟ್ಯಾಂಕು ಯಾವಾಗಲೂ ತುಂಬಿಯೇ ಇರುತ್ತೆ. ಕೆಳಗೆ ಬಿಸಿ ನಲ್ಲಿ ತಿರುಗಿಸಿದಾಗ ಕರೀ ಟ್ಯಾಂಕಿನ ತಣ್ಣೀರು ಸೋಲಾರ್ ಟ್ಯಾಂಕಿನ ತಳಕ್ಕೆ ನುಗ್ಗಿ, ಮೇಲಿನ ಬಿಸಿನೀರನ್ನ ಹೊರಗೆ ತಳ್ಳುತ್ತೆ. ತಳ್ಳೋದು ಕರೀ ಟ್ಯಾಂಕಿನ ಎತ್ತರವೇ. ಆದ್ದರಿಂದ ಬಿಸಿ, ತಣ್ಣನೆ ಎರಡೂ ನೀರು ಮಿಕ್ಸರಿಗೆ ಒಂದೇ ಎತ್ತರದಿಂದ, ಹೆಚ್ಚುಕಡಿಮೆ ಒಂದೇ ಒತ್ತಡದಲ್ಲಿ ಬಂದು ಸೇರ್ತವೆ. ಮಿಕ್ಸರ್ ಅನ್ನೋದು ಕೆಲಸ ಮಾಡೋದೇ ಈ ಸಮತೋಲದ ಮೇಲೆ.

ಈಗ ತಣ್ಣೀರಿಗೆ ಮಾತ್ರ ಪಂಪ್ ಹಾಕಿ ನೋಡಿ. ಮನೆಗೆ ಹಾಕೋ ಸಣ್ಣ ಪ್ರೆಷರ್ ಪಂಪ್ 1.5 ಬಾರ್‌ನಷ್ಟು ಒತ್ತಡ ಕೊಡುತ್ತೆ, ಅಂದ್ರೆ 15 ಮೀಟರ್ ಎತ್ತರದ ಟ್ಯಾಂಕಿಗೆ ಸಮ. ಆ ಕಡೆ ಬಿಸಿನೀರಿಗೆ 4 ಮೀಟರ್ ಚಿಲ್ಲರೆ. ಮಿಕ್ಸರಿನ ಒಳಗೆ ಎರಡೂ ಎದುರುಬದುರಾದಾಗ ಬಿಸಿನೀರು ಒಳಗೆ ಬರೋಕೇ ಆಗೋದಿಲ್ಲ. ಅಷ್ಟೇ ಆದರೆ ಪರವಾಗಿಲ್ಲ, ತಣ್ಣೀರು ಬಿಸಿ ಪೈಪಿನೊಳಗೆ ಹಿಂದಕ್ಕೆ ನುಗ್ಗಿ, ತಾರಸಿಗೆ ಹತ್ತಿ, ಸೋಲಾರ್ ಟ್ಯಾಂಕಿಗೆ ಸೇರಿ, ಅಲ್ಲಿಂದ ತೆರೆದ ಪೈಪಿನ ಬಾಯಲ್ಲಿ ಹೊರಬೀಳುತ್ತೆ. ದೊಡ್ಡಪ್ಪನ ಮನೇಲಿ ತೊಟ್ಟಿಕ್ಕುತ್ತಿದ್ದ ನೀರು ಇದೇ. ಎರಡು ದೂರು, ಕಾರಣ ಒಂದೇ.

ಇದನ್ನ ಪತ್ತೆ ಮಾಡೋಕೆ ಯಾವ ಮೀಟರೂ ಬೇಡ. ಕರೀ ಟ್ಯಾಂಕಿನಿಂದ ಸೋಲಾರಿಗೆ ಹೋಗುವ ತಣ್ಣೀರಿನ ಗೇಟ್ ವಾಲ್ವ್ ಮುಚ್ಚಿ. ಕೆಳಗೆ ಬಂದು ವಾಶ್ ಬೇಸಿನ್ನಿನ ಬಿಸಿ ನಲ್ಲಿ ಮಾತ್ರ ತೆಗೆಯಿರಿ. ಪೈಪಿನಲ್ಲಿ ಉಳಿದಿದ್ದ ನೀರು ಸ್ವಲ್ಪ ಹೊತ್ತು ಬಂದು ನಿಲ್ಲಬೇಕು, ಯಾಕಂದ್ರೆ ತಳ್ಳೋಕೆ ಈಗ ಯಾರೂ ಇಲ್ಲ. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ, ಮನೆಯಲ್ಲಿ ಎಲ್ಲೋ ಒಂದು ಮಿಕ್ಸರ್ ಮೂಲಕ ತಣ್ಣೀರು ಬಿಸಿ ಲೈನಿಗೆ ದಾಟ್ತಿದೆ. ಆಮೇಲೆ ಒಂದೊಂದೇ ಮಿಕ್ಸರಿನ ಕೆಳಗಿನ ಆಂಗಲ್ ವಾಲ್ವ್ ಮುಚ್ಚುತ್ತಾ ಹೋದರೆ ಯಾವುದು ಅಂತ ಸಿಕ್ಕಿಬೀಳುತ್ತೆ. ದೊಡ್ಡಪ್ಪನ ಮನೇಲಿ ಎರಡು ತಿರುಪಿನ ವಾಲ್ ಮಿಕ್ಸರ್ ಇತ್ತು. ಎರಡೂ ತಿರುಪು ತೆಗೆದೇ ಇಟ್ಟು, ಕೆಳಗಿನ ಹ್ಯಾಂಡ್ ಶವರಿನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸೋ ಅಭ್ಯಾಸ. ಹೊರಗೆ ದಾರಿ ಮುಚ್ಚಿದೆ, ಒಳಗೆ ಬಿಸಿ ತಣ್ಣನೆ ಕೂಡಿಕೊಂಡಿವೆ, ಪಂಪ್ ಓಡ್ತಾನೇ ಇದೆ. ಹಿಂದಕ್ಕೆ ಹರಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇನ್ನೊಂದಿಲ್ಲ.

"ಬಿಸಿ ಲೈನಿಗೊಂದು ಎನ್‌ಆರ್‌ವಿ ಹಾಕಿದ್ರೆ ಸರಿಯಾಗಲ್ವಾ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ನೀರು ಹಿಂದಕ್ಕೆ ಹೋಗೋದು ನಿಲ್ಲುತ್ತೆ ಹೌದು. ಆದರೆ ಬಿಸಿನೀರು ಮುಂದಕ್ಕೆ ಬರೋದಿಲ್ಲ, ಎದುರಿಗೆ 15 ಮೀಟರಿನ ಒತ್ತಡ ಇದ್ದೇ ಇದೆ. ಎನ್‌ಆರ್‌ವಿ ಬಾಗಿಲು ಕಾಯುತ್ತೆ, ಒತ್ತಡ ಸಮ ಮಾಡೋದಿಲ್ಲ.

ಹಾಗಾದ್ರೆ ಎರಡಕ್ಕೂ ಸೇರಿ ಒಂದೇ ಪಂಪನ್ನ ಕರೀ ಟ್ಯಾಂಕಿನ ಬುಡದಲ್ಲೇ ಕೂರಿಸಿದರೆ? ಅದು ಇನ್ನೂ ಕೆಟ್ಟದ್ದು. ನಮ್ಮ ಕಡೆಯ ಮನೆಗಳ ಮೇಲಿರುವ ಮಾಮೂಲಿ ಸೋಲಾರ್ ಟ್ಯಾಂಕು ಗಾಳಿಗೆ ತೆರೆದದ್ದು, ತೆಳು ತಗಡಿನದು, ಪಂಪಿನ ಒತ್ತಡಕ್ಕೆ ಮಾಡಿದ್ದಲ್ಲ. ಪಂಪಿನ ನೀರು ಅದಕ್ಕೆ ಕೊಟ್ಟರೆ ಮೇಲಿನ ಪೈಪಿನಿಂದ ಕಾರಂಜಿ ಏಳುತ್ತೆ. ಫೋರ್ಸು ಬೇಕೇಬೇಕು ಅನ್ನೋರಿಗೆ ಇರೋ ದಾರಿ ಎರಡು. ಒಂದು, ಒತ್ತಡ ತಡೆಯೋ ಟ್ಯಾಂಕಿನ ಸೋಲಾರನ್ನೇ ಪ್ರೆಷರ್ ರಿಲೀಫ್ ವಾಲ್ವ್ ಸಮೇತ ಕೊಳ್ಳೋದು. ಇನ್ನೊಂದು, ಸೋಲಾರ್ ಟ್ಯಾಂಕು ದಾಟಿದ ಮೇಲೆ ಬಿಸಿ ಲೈನಿಗೆ ಬಿಸಿನೀರು ತಡೆಯೋ ಒಂದು ಪಂಪು, ತಣ್ಣನೆ ಲೈನಿಗೆ ಅಷ್ಟೇ ಒತ್ತಡದ ಇನ್ನೊಂದು ಪಂಪು.

ದೊಡ್ಡಪ್ಪನ ಮನೆಗೆ ನಾವು ಸೂಚಿಸಿದ್ದು ಇವೆರಡೂ ಅಲ್ಲ. ಪಂಪ್ ತೆಗೆಸಿ, ಇಳಿಯುವ ಪೈಪು ಎರಡನ್ನೂ ಮುಕ್ಕಾಲು ಇಂಚಿನಿಂದ ಒಂದು ಇಂಚಿಗೆ ಏರಿಸಿ, ಬೇಡದ ಎಲ್ಬೋಗಳನ್ನ ಕಡಿಮೆ ಮಾಡಿಸಿದ್ದು. ಕಡಿಮೆ ಒತ್ತಡದಲ್ಲಿ ಪೈಪಿನ ಉಜ್ಜುವಿಕೆಯೇ ದೊಡ್ಡ ಕಳ್ಳ. 0.4 ಬಾರ್‌ನಲ್ಲಿ ಅರ್ಧವನ್ನ ಸಣ್ಣ ಪೈಪು ಮತ್ತು ಹತ್ತು ತಿರುವು ತಿಂದರೆ ಶವರಿಗೆ ಏನು ಉಳಿಯುತ್ತೆ?

ತೆರೆದ ಬಾಯಿಯ ಪೈಪು

ಈಗ ಆ ಎಂಡ್ ಕ್ಯಾಪಿನ ವಿಷಯ. ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಮೇಲಕ್ಕೆ ಹೋಗೋ ಪೈಪನ್ನ ಏರ್ ವೆಂಟ್ ಅಂತಾರೆ. ಅದಕ್ಕೆ ಮೂರು ಕೆಲಸ. ಕಾದ ನೀರಿನಿಂದ ಬಿಡುಗಡೆಯಾಗೋ ಗಾಳಿ ಮತ್ತು ಹಬೆಯನ್ನ ಹೊರಗೆ ಬಿಡೋದು. ನೀರು ಕಾದು ಹಿಗ್ಗಿದಾಗ ಹೆಚ್ಚಿದ ನೀರಿಗೆ ಮೇಲೇರೋ ಜಾಗ ಕೊಡೋದು. ಮೂರನೆಯದು, ಯಾವುದೋ ಕಾರಣಕ್ಕೆ ಟ್ಯಾಂಕಿನ ನೀರು ಕೆಳಗೆ ಎಳೆದುಕೊಂಡು ಹೋದಾಗ ಒಳಗೆ ಗಾಳಿ ಬಿಡೋದು. ಈ ಮೂರನೇದು ಇಲ್ಲದಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಒಳಗಿನ ತೆಳು ಸ್ಟೀಲ್ ತಗಡು ಖಾಲಿ ಬಿಸ್ಲೇರಿ ಬಾಟಲಿ ಹೀರಿದ ಹಾಗೆ ಒಳಕ್ಕೆ ಕುಸಿಯುತ್ತೆ. ಎರಡನೇದು ಇಲ್ಲದಿದ್ದರೆ ಉಬ್ಬಿ ಬೆಸುಗೆ ಬಿಡುತ್ತೆ.

ಅದರಲ್ಲೂ ಸೋಲಾರಿಗೆ ಬರುವ ತಣ್ಣೀರಿನ ಪೈಪಿಗೆ ಎನ್‌ಆರ್‌ವಿ ಇದ್ದರೆ ಹಿಗ್ಗಿದ ನೀರಿಗೆ ಹಿಂದಕ್ಕೆ ಕರೀ ಟ್ಯಾಂಕಿಗೆ ಹೋಗೋ ದಾರಿಯೂ ಇಲ್ಲ. ನಲ್ಲಿಗಳೆಲ್ಲ ಮುಚ್ಚಿವೆ, ವೆಂಟ್ ಮುಚ್ಚಿದೆ, ಬಿಸಿಲು ಮಾತ್ರ ಕಾಯಿಸುತ್ತಲೇ ಇದೆ. ಸೂರ್ಯನಿಗೆ ಥರ್ಮೋಸ್ಟಾಟ್ ಇಲ್ಲ. ಹಾಗಾಗಿ ವೆಂಟ್ ಮೇಲೆ ಕ್ಯಾಪ್ ಅಲ್ಲ, ಯಾವ ವಾಲ್ವೂ ಇರಕೂಡದು.

ಅದರ ಎತ್ತರ ಎಷ್ಟಿರಬೇಕು? ಕರೀ ಟ್ಯಾಂಕು ತುಂಬಿದಾಗ ನೀರಿನ ಮಟ್ಟ ತಾರಸಿಯಿಂದ 3.6 ಮೀಟರ್. ವೆಂಟ್ ಬಾಯಿ ಅದಕ್ಕಿಂತ ಮೇಲಿರಬೇಕು ಅನ್ನೋದು ಗೊತ್ತಾಗೋ ಮಾತೇ. ಆದರೆ ಬಿಸಿನೀರು ಹಗುರ, ಅದು ಇನ್ನೂ ಸ್ವಲ್ಪ ಮೇಲೆ ನಿಲ್ಲುತ್ತೆ. ಸೋಲಾರ್ ಟ್ಯಾಂಕಿನ ತಳ ತಾರಸಿಯಿಂದ 1.2 ಮೀಟರ್ ಎತ್ತರದಲ್ಲಿತ್ತು. ಹಾಗಾದ್ರೆ ತಣ್ಣೀರಿನ ಕಂಬ 2.4 ಮೀಟರ್. 20 ಡಿಗ್ರಿ ನೀರಿನ ಸಾಂದ್ರತೆ 998, 80 ಡಿಗ್ರಿಯದು 972. ಎರಡು ಕಂಬ ಸಮ ತೂಗಬೇಕಾದರೆ ಬಿಸಿಯದು 2.4 × 998 ÷ 972, ಅಂದ್ರೆ 2.46 ಮೀಟರ್ ನಿಲ್ಲಬೇಕು. 6 ಸೆಂಟಿಮೀಟರ್ ಹೆಚ್ಚು. ವೆಂಟನ್ನ ಕರೀ ಟ್ಯಾಂಕಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸಿದ್ದ ಮನೆಗಳಲ್ಲಿ ಮಧ್ಯಾಹ್ನ ಮಾತ್ರ ನೀರು ಸುರಿಯೋದು ಯಾಕೆ ಅಂತ ಈ ಲೆಕ್ಕ ಹೇಳುತ್ತೆ. ನಾವು ತುಂಬಿದ ಮಟ್ಟಕ್ಕಿಂತ 30 ಸೆಂಟಿಮೀಟರ್ ಮೇಲಕ್ಕೆ ಒಯ್ದು, ಬಾಯನ್ನ ಕೆಳಮುಖವಾಗಿ ಬಗ್ಗಿಸಿ, ಕೋತಿ ಏನಾದರೂ ತುರುಕದ ಹಾಗೆ ಜಾಲರಿ ಕಟ್ಟಿಸಿದೆವು. ಪೈಪನ್ನ ಮೆಟ್ಟಿಲ ಕೋಣೆ ಗೋಡೆಗೆ ಎರಡು ಕಡೆ ಕ್ಲಾಂಪ್ ಹಾಕಿ ಹಿಡಿಸಿದ್ದೂ ಕೋತಿಗಳಿಗಾಗಿಯೇ. ಜೋತಾಡೋಕೆ ಅವಕ್ಕೆ ಅದು ಬಹಳ ಇಷ್ಟ.

ಕರೀ ಟ್ಯಾಂಕಿನಲ್ಲಿ ಎರಡು ತೂತು

ಫ್ಲಶ್ ಟ್ಯಾಂಕಿಗೆ ಬಿಸಿನೀರು ಬರೋ ಮನೆಗಳ ಗುಟ್ಟು ಇಲ್ಲಿದೆ. ಖರ್ಚು ಉಳಿಸೋಕೆ ಕರೀ ಟ್ಯಾಂಕಿನಿಂದ ಒಂದೇ ಪೈಪು ತೆಗೆದು, ಅದಕ್ಕೇ ಟೀ ಹಾಕಿ ಒಂದು ಕವಲು ಸೋಲಾರಿಗೂ ಇನ್ನೊಂದು ಮನೆಯ ತಣ್ಣೀರಿಗೂ ಕೊಟ್ಟಿರ್ತಾರೆ. ಕರೆಂಟ್ ಇಲ್ಲದೆ ಬೋರ್ ಓಡದೆ ಕರೀ ಟ್ಯಾಂಕು ಖಾಲಿಯಾಯಿತು ಅನ್ನಿ. ಕೆಳಗೆ ತಣ್ಣೀರಿನ ನಲ್ಲಿ ತೆಗೆದರೆ, ಟೀ ಮೂಲಕ ಸೋಲಾರ್ ಟ್ಯಾಂಕಿನ ನೀರೇ ಹಿಂದಕ್ಕೆ ಇಳಿದು ಬರುತ್ತೆ. ಫ್ಲಶ್ ಮಾಡಿದರೆ ಹೊಗೆಯಾಡೋದು ನಗುವ ವಿಷಯ, ಆದರೆ ತಣ್ಣೀರು ಅಂತ ನಂಬಿ ಮಗುವಿನ ಮೈಗೆ ಹಿಡಿದರೆ ಅಲ್ಲ. ಟ್ಯಾಂಕು ಬರಿದಾಗಿ ಒಳಗಿನ ಹೀಟರ್ ಎಲಿಮೆಂಟು ಒಣಗಿ ಸುಟ್ಟುಹೋಗೋದೂ ಹೀಗೇ.

ಅದಕ್ಕೇ ಎರಡು ಬೇರೆ ಬೇರೆ ಔಟ್‌ಲೆಟ್. ಸೋಲಾರಿನದನ್ನ ಮನೆಯ ತಣ್ಣೀರಿನದಕ್ಕಿಂತ 10 ಸೆಂಟಿಮೀಟರ್ ಮೇಲೆ ಕೊರೆಸಬೇಕು. ಕರೀ ಟ್ಯಾಂಕಿನಲ್ಲಿ ನೀರು ಮುಗೀತಾ ಬಂದಾಗ ಮೊದಲು ಸೋಲಾರಿಗೆ ಹೋಗೋ ನೀರು ನಿಲ್ಲುತ್ತೆ, ಅಂದ್ರೆ ಬಿಸಿನೀರು ನಿಲ್ಲುತ್ತೆ, ತಣ್ಣೀರು ಇನ್ನೂ ಸ್ವಲ್ಪ ಹೊತ್ತು ಬರುತ್ತೆ. ಶವರ್ ಕೆಳಗೆ ನಿಂತೋರಿಗೆ ಚಳಿಯಾಗಬಹುದು, ಚರ್ಮ ಸುಡೋದಿಲ್ಲ. ಉಲ್ಟಾ ಕೊರೆದರೆ ಉಲ್ಟಾ ಆಗುತ್ತೆ. ಒಂದು ಡ್ರಿಲ್ಲು, ಎರಡು ಟ್ಯಾಂಕ್ ನಿಪ್ಪಲ್ಲು, ಅಷ್ಟೇ ಖರ್ಚು.

ಸೋಲಾರಿನ ಲೈನಿಗೆ ಗೇಟ್ ವಾಲ್ವ್, ಅದರ ಮುಂದೆ ಒಂದು ಎನ್‌ಆರ್‌ವಿ. ಸ್ಪ್ರಿಂಗ್ ಇರೋ ಎನ್‌ಆರ್‌ವಿ ಇಷ್ಟು ಕಡಿಮೆ ಒತ್ತಡದಲ್ಲಿ ತಾನೇ ಒಂದು ಪಾಲು ತಿನ್ನುತ್ತೆ, ಆದ್ದರಿಂದ ಒಳಗೆ ಬಾಗಿಲಿನ ತರ ಆಡೋ ಫ್ಲ್ಯಾಪ್ ತರದ್ದನ್ನ ಮಲಗಿಸಿ ಕೂರಿಸೋದು ಒಳ್ಳೇದು. ಪಕ್ಕದಲ್ಲಿ ಯೂನಿಯನ್ ಇರಲಿ. ನಮ್ಮ ಗಡಸು ನೀರಿನಲ್ಲಿ ಫ್ಲ್ಯಾಪಿಗೆ ಸುಣ್ಣ ಕಟ್ಟಿ ಅರ್ಧ ತೆರೆದೇ ನಿಂತುಬಿಡುತ್ತೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು.

ಸುಡದ ನೀರು

ನೀರು ಎಷ್ಟು ಬಿಸಿ ಇದ್ದರೆ ಸುಡುತ್ತೆ ಅನ್ನೋದಕ್ಕೆ ಒರಟಾದ ಲೆಕ್ಕ ಇದೆ. 60 ಡಿಗ್ರಿ ನೀರು ಸುಮಾರು 5 ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನ ಆಳವಾಗಿ ಸುಡುತ್ತೆ. 55ರ ಹತ್ತಿರ ಅರ್ಧ ನಿಮಿಷ, 50ಕ್ಕೆ ಇಳಿದರೆ ಕೆಲವು ನಿಮಿಷ. ಮಕ್ಕಳಿಗೂ ವಯಸ್ಸಾದವರಿಗೂ ಇನ್ನೂ ಬೇಗ. ಏಪ್ರಿಲ್ ತಿಂಗಳಲ್ಲಿ ಎರಡು ದಿನ ಬಳಸದೆ ಬಿಟ್ಟ ಟ್ಯೂಬ್ ಸೋಲಾರಿನ ನೀರು 80 ಡಿಗ್ರಿ ಸುಲಭವಾಗಿ ದಾಟುತ್ತೆ. ಗೀಸರಿನ ಅಭ್ಯಾಸದಲ್ಲಿ ತಿರುಪು ತಿರುಗಿಸೋರಿಗೆ ಇದು ಗೊತ್ತಾಗೋದು ಕೈ ಇಟ್ಟ ಮೇಲೆ.

ಸ್ನಾನಕ್ಕೆ ಬೇಕಾದ್ದು 40 ಡಿಗ್ರಿ. ತಣ್ಣೀರು 20, ಸೋಲಾರಿನದು 70 ಅಂತ ಇಟ್ಟುಕೊಂಡರೆ ಬಿಸಿಯ ಪಾಲು (40 − 20) ÷ (70 − 20), ಅಂದ್ರೆ 0.4. ಇಪ್ಪತ್ತು ಲೀಟರಿನ ಬಕೆಟ್‌ಗೆ 8 ಲೀಟರ್ ಬಿಸಿ, 12 ಲೀಟರ್ ತಣ್ಣನೆ. ಬಕೆಟ್ ಸ್ನಾನದವರು ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿ ಸೇರಿಸಿದರೆ ಅರ್ಧ ಅಪಾಯ ಅಲ್ಲೇ ಹೋಯಿತು. ಶವರಿನವರಿಗೆ ಮಾತ್ರ ಮಿಕ್ಸರನ್ನೇ ನಂಬಬೇಕು.

ಮಾಮೂಲಿ ಮಿಕ್ಸರಿಗೆ ಬಿಸಿ ಅನ್ನೋದು ಗೊತ್ತಿಲ್ಲ, ತೂತಿನ ಗಾತ್ರ ಮಾತ್ರ ಗೊತ್ತು. ಇನ್ನೊಬ್ಬರು ಅಡುಗೆಮನೇಲಿ ನಲ್ಲಿ ತೆಗೆದರೆ ತಣ್ಣೀರಿನ ಒತ್ತಡ ಬಿದ್ದು ಶವರಿನ ನೀರು ದಿಢೀರನೆ ಬಿಸಿಯಾಗುತ್ತೆ. ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಒಳಗೆ ಮೇಣದಂಥ ವಸ್ತು ತುಂಬಿದ ಒಂದು ಸಣ್ಣ ಕೊಳವೆ ಇರುತ್ತೆ. ಬಿಸಿ ಹೆಚ್ಚಾದರೆ ಅದು ಹಿಗ್ಗಿ ಬಿಸಿನೀರಿನ ದಾರಿಯನ್ನ ತಾನೇ ಕಿರಿದು ಮಾಡುತ್ತೆ, ತಣ್ಣೀರು ಪೂರ್ತಿ ನಿಂತರೆ ಬಿಸಿಯನ್ನೂ ಮುಚ್ಚುತ್ತೆ. ಅಜ್ಜಿ ಬಳಸೋ ಬಚ್ಚಲಮನೆಗೆ ಇದೊಂದು ಹಾಕಿಸಿ 42ಕ್ಕೆ ಇಟ್ಟೆವು. ಕೊಳ್ಳುವಾಗ ಡಬ್ಬಿ ಮೇಲೆ ಕನಿಷ್ಠ ಒತ್ತಡ ಎಷ್ಟು ಅಂತ ಓದಲೇಬೇಕು. 1 ಬಾರ್ ಕೇಳೋ ವಾಲ್ವುಗಳು ಬಹಳ ಇವೆ, ಅದಕ್ಕೆ 10 ಮೀಟರ್ ಎತ್ತರ ಬೇಕು, ಒಂದು ಅಂತಸ್ತಿನ ಮನೇಲಿ ಅದು ನೂಲಿನಷ್ಟು ನೀರು ಬಿಡುತ್ತೆ. ನಮ್ಮ 0.36 ಬಾರ್‌ಗೆ ಕಡಿಮೆ ಒತ್ತಡದ್ದು ಅಂತ ಕೇಳಿಯೇ ತರಿಸಬೇಕಾಯಿತು.

ಮೋಡ ಕವಿದ ದಿನ

ಜೂನಿನಿಂದ ಮಳೆಗಾಲ, ಡಿಸೆಂಬರ್ ಬೆಳಿಗ್ಗೆ ದುರ್ಗದ ಮೇಲೆ ಮಂಜು. ಆ ದಿನಗಳಿಗೆ ಕರೆಂಟಿನ ಆಸರೆ ಬೇಕು. ಕಂಪನಿಯವರು ಸೋಲಾರ್ ಟ್ಯಾಂಕಿನೊಳಗೇ 2 ಕಿಲೋವ್ಯಾಟಿನ ಎಲಿಮೆಂಟ್ ಕೊಟ್ಟಿರ್ತಾರೆ. ಲೆಕ್ಕ ಹಾಕಿ ನೋಡೋಣ. 200 ಲೀಟರನ್ನ 30ರಿಂದ 50 ಡಿಗ್ರಿಗೆ ಏರಿಸೋಕೆ 200 × 4.186 × 20 ÷ 3600, ಅಂದ್ರೆ 4.65 ಯೂನಿಟ್, ಎರಡು ಗಂಟೆ ಇಪ್ಪತ್ತು ನಿಮಿಷ. ಆದರೆ ನಾಲ್ಕು ಜನಕ್ಕೆ ಒಂದೊಂದು ಬಕೆಟ್, ಒಟ್ಟು 80 ಲೀಟರ್ 40 ಡಿಗ್ರಿ ನೀರಿಗೆ ನಿಜಕ್ಕೂ ಬೇಕಾದ್ದು, ಸೊನ್ನೆ ಬಿಸಿಲು ಅಂದರೂ, 1.9 ಯೂನಿಟ್. ಉಳಿದದ್ದು ಬಳಸದ ನೀರನ್ನ ಕಾಯಿಸೋಕೆ ಹೋಗುತ್ತೆ. ಸಾಲದ್ದಕ್ಕೆ ರಾತ್ರಿಯೇ ಸ್ವಿಚ್ ಹಾಕಿ ಟ್ಯಾಂಕು ಕಾಯಿಸಿಟ್ಟರೆ ಮಾರನೇ ದಿನ ಬಿಸಿಲು ಬಂದರೂ ಅದಕ್ಕೆ ಮಾಡೋಕೆ ಕೆಲಸ ಉಳಿದಿರೋದಿಲ್ಲ.

ಅದಕ್ಕೆ ನಮಗೆ ಹಿಡಿಸೋದು ಕೆಳಗೆ ಬಚ್ಚಲಮನೆಯಲ್ಲೊಂದು 15 ಲೀಟರಿನ ಗೀಸರ್. ಅದರ ಒಳಹರಿವಿಗೆ ತಣ್ಣೀರಲ್ಲ, ಸೋಲಾರಿನ ಲೈನು. ಮೋಡದ ದಿನವೂ ಸೋಲಾರ್ 30 ಡಿಗ್ರಿಯವರೆಗೆ ತಂದಿರುತ್ತೆ, ಗೀಸರ್ ಉಳಿದದ್ದನ್ನ ಮಾತ್ರ ಏರಿಸುತ್ತೆ. 15 ಲೀಟರನ್ನ 30ರಿಂದ 50ಕ್ಕೆ ಏರಿಸೋಕೆ 3 ಕಿಲೋವ್ಯಾಟಿನ ಗೀಸರಿಗೆ ಏಳು ನಿಮಿಷ. ಮೂರು ಬಾಲ್ ವಾಲ್ವ್ ಬೇಕು: ಗೀಸರಿಗೆ ಹೋಗೋದಕ್ಕೊಂದು, ಬರೋದಕ್ಕೊಂದು, ನೇರ ದಾಟಿಸೋ ಬೈಪಾಸಿಗೊಂದು. ಬಿಸಿಲ ದಿನ ಬೈಪಾಸ್ ತೆಗೆದು ಗೀಸರಿನ ಎರಡನ್ನೂ ಮುಚ್ಚಿ, ಸ್ವಿಚ್ ಆರಿಸಿರಬೇಕು. 70 ಡಿಗ್ರಿ ನೀರನ್ನ ದಿನಾ ಗೀಸರಿನ ಮೂಲಕ ಹರಿಸೋದು ಅದರ ಪ್ಲಾಸ್ಟಿಕ್ ಭಾಗಗಳಿಗೆ ಒಳ್ಳೇದಲ್ಲ. ಗೀಸರಿನ ಜೊತೆ ಬರೋ ಸೇಫ್ಟಿ ವಾಲ್ವ್ ಮಾತ್ರ ಬಾಲ್ ವಾಲ್ವಿಗೂ ಗೀಸರಿಗೂ ನಡುವೆಯೇ ಇರಬೇಕು. ಯಾರೋ ಎರಡೂ ವಾಲ್ವ್ ಮುಚ್ಚಿ ಸ್ವಿಚ್ ಹಾಕಿದರೂ ಒತ್ತಡ ಹೊರಹೋಗೋಕೆ ಅದೊಂದೇ ದಾರಿ. ಮಿಕ್ಸಿಂಗ್ ವಾಲ್ವ್ ಬರೋದು ಇದೆಲ್ಲ ಕೂಡಿದ ಮೇಲೆ, ಶವರಿಗೆ ಸ್ವಲ್ಪ ಹಿಂದೆ.

ವೈರಿಂಗಿನಲ್ಲಿ ಒಂದು ವಿಷಯಕ್ಕೆ ಹೆಚ್ಚು ಗಮನ ಬೇಕು. ಹಳೇ ಮನೆಗಳಲ್ಲಿ ಕಬ್ಬಿಣದ ಪೈಪು ನೆಲಕ್ಕೆ ಹೋಗ್ತಿತ್ತು, ಅರ್ತಿಂಗ್ ಸರಿ ಇಲ್ಲದಿದ್ದರೂ ಪೈಪೇ ಒಂದಿಷ್ಟು ಕೆಲಸ ಮಾಡ್ತಿತ್ತು. ಈಗ ಪೈಪೆಲ್ಲ ಪ್ಲಾಸ್ಟಿಕ್ಕು. ಟ್ಯಾಂಕಿನ ಅಥವಾ ಗೀಸರಿನ ಲೋಹದ ಮೈಗೆ ಕರೆಂಟ್ ಇಳಿದರೆ ಹೋಗೋ ದಾರಿ ಅರ್ತ್ ವೈರ್ ಒಂದೇ, ಅದು ಇಲ್ಲದಿದ್ದರೆ ಒದ್ದೆ ನೆಲದ ಮೇಲೆ ನಿಂತಿರೋ ಮನುಷ್ಯ. 3 ಕಿಲೋವ್ಯಾಟ್ ಅಂದ್ರೆ 13 ಆಂಪಿಯರ್. ಅದಕ್ಕೆ ಪ್ರತ್ಯೇಕ ಲೈನು, 4 ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪಿಯರಿನ ಎರಡು ಪೋಲ್ ಎಂಸಿಬಿ, ಅದರ ಹಿಂದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಅದು ಬೀಳದಿದ್ದರೆ ಗೀಸರ್ ಹಾಕೋದು ಬೇಡ. ಈ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನಿನದು, ನಮ್ಮ ನಿಮ್ಮದಲ್ಲ.

ಪೈಪು ಹೋಗೋ ದಾರಿ

ಬಿಸಿ ಲೈನಿಗೆ ಮಾಮೂಲಿ ಪಿವಿಸಿ ಬಳಸಿದರೆ 60 ಡಿಗ್ರಿಯಲ್ಲೇ ಮೆತ್ತಗಾಗಿ ಜೋತುಬೀಳುತ್ತೆ. ಸಿಪಿವಿಸಿ 93ರವರೆಗೆ ತಡೆಯುತ್ತೆ. ನಮ್ಮ ಈ ಎತ್ತರದಲ್ಲಿ ನೀರು ಕುದಿಯೋದೇ 97ರ ಆಸುಪಾಸು. ಬೇಸಿಗೆಯಲ್ಲಿ ಬಳಸದೆ ಬಿಟ್ಟ ಟ್ಯಾಂಕಿನ ಬಾಯಲ್ಲಿ ಆ ಮಿತಿಗೆ ತಾಗೋ ನೀರು ಇರಬಹುದು, ಹಾಗಾಗಿ ಟ್ಯಾಂಕಿನಿಂದ ಮೊದಲ ಒಂದು ಮೀಟರ್ ಜಿಐ ಪೈಪು ಹಾಕಿ, ಆಮೇಲೆ ಸಿಪಿವಿಸಿ ಶುರು ಮಾಡಿಸಿದೆವು.

ಹಳೇ ಬಿಸಿ ಲೈನು ಟ್ಯಾಂಕಿನಿಂದ ತಾರಸಿ ನೆಲಕ್ಕಿಳಿದು, ಅಂಚಿನವರೆಗೆ ಮಲಗಿ ಹೋಗಿ, ಮತ್ತೆ ಪ್ಯಾರಪೆಟ್ ಗೋಡೆ ಹತ್ತಿ ಆಚೆ ಇಳಿದಿತ್ತು. ಆ ಹತ್ತಿ ಇಳಿಯೋ ಗೂನಿನಲ್ಲಿ, ಕಾದ ನೀರು ಬಿಟ್ಟ ಗಾಳಿ ಸೇರಿಕೊಳ್ಳುತ್ತೆ. ಪಂಪಿನ ಒತ್ತಡ ಅದನ್ನ ತಳ್ಳಿಬಿಡುತ್ತೆ, 0.4 ಬಾರಿಗೆ ಆ ಶಕ್ತಿ ಇಲ್ಲ. ನಲ್ಲಿ ಕೆಮ್ಮುತ್ತಾ ಉಗುಳುತ್ತಾ ಬಂದರೆ ಇದೇ ಕಾಯಿಲೆ. ಪೈಪು ಟ್ಯಾಂಕಿನಿಂದ ನಲ್ಲಿಯವರೆಗೆ ಒಮ್ಮೆಯೂ ಮೇಲೇರದೆ ಇಳೀತಾನೇ ಹೋಗಬೇಕು. ಪ್ಯಾರಪೆಟ್ ಹತ್ತಿಸೋ ಬದಲು ಅದರ ಬುಡದಲ್ಲಿ ತೂತು ಕೊರೆದು, ಒಂದು ದಪ್ಪ ಪೈಪಿನ ತುಂಡನ್ನ ತೋಳಿನ ಹಾಗೆ ಕೂರಿಸಿ, ಅದರೊಳಗೆ ಬಿಸಿ ಪೈಪು ದಾಟಿಸಿದೆವು. ತೋಳು ಹೊರಕ್ಕೆ ಸ್ವಲ್ಪ ವಾಲಿರಲಿ, ಮಳೆನೀರು ಗೋಡೆಯೊಳಗೆ ಇಳಿಯಬಾರದು.

ಹೊಸ ದಾರಿ 9 ಮೀಟರ್, ಹಳೇದು 14 ಇತ್ತು. ಇದರಿಂದ ಇನ್ನೊಂದು ಲಾಭ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಕಾಲು ಲೀಟರ್ ಹಿಡಿಯುತ್ತೆ, ಒಂದು ಇಂಚಿನದು 0.43 ಲೀಟರ್. ಬೆಳಿಗ್ಗೆ ಬಿಸಿನೀರು ಬರೋ ಮುಂಚೆ ಅಷ್ಟೂ ತಣ್ಣೀರು ಮೊದಲು ಬಕೆಟ್‌ಗೆ ಬೀಳುತ್ತೆ. ಹಳೇದು 3.6 ಲೀಟರ್, ಹೊಸದು 3.9. ಪೈಪು ದಪ್ಪ ಮಾಡಿದ್ದರ ದಂಡವನ್ನ ಉದ್ದ ಕಡಿಮೆ ಮಾಡಿದ್ದೇ ಕಟ್ಟಿಕೊಟ್ಟಿತು. ಬರೀ ದಪ್ಪ ಮಾಡಿ ಅದೇ ದಾರಿ ಬಿಟ್ಟಿದ್ದರೆ 6 ಲೀಟರ್ ಆಗ್ತಿತ್ತು.

ಸಿಪಿವಿಸಿ ಬಿಸಿಗೆ ಬೆಳೆಯುತ್ತೆ. 9 ಮೀಟರ್ ಪೈಪು 45 ಡಿಗ್ರಿ ಏರಿದರೆ ಎರಡೂವರೆ ಸೆಂಟಿಮೀಟರ್ ಉದ್ದವಾಗುತ್ತೆ. ಅದನ್ನ ಗೋಡೆಗೆ ಬಿಗಿಯಾಗಿ ಕಟ್ಟಿಹಾಕಿದರೆ ದಿನಾ ಹಿಗ್ಗಿ ಕುಗ್ಗಿ ಎಲ್ಬೋ ಕತ್ತಿನಲ್ಲಿ ಸೀಳು ಬಿಡುತ್ತೆ. ಕ್ಲಾಂಪು ಪೈಪನ್ನ ಹೊತ್ತರೆ ಸಾಕು, ಹಿಡಿಯಬಾರದು; ತಿರುವಿನ ಹತ್ತಿರ 30 ಸೆಂಟಿಮೀಟರ್ ಕ್ಲಾಂಪ್ ಇಲ್ಲದೆ ಬಿಡಿ. ಗೋಡೆಯೊಳಗೆ ಗ್ರೂವ್ ಹೊಡೆದು ಕೂರಿಸೋ ಕಡೆ ಫೋಮಿನ ಕವಚ ಸುತ್ತಿಯೇ ಸಿಮೆಂಟ್ ಮೆತ್ತಿಸಬೇಕು, ಕರೆಂಟಿನ ಕಾಂಡ್ಯೂಟ್ ಅದೇ ಗ್ರೂವಿನಲ್ಲಿ ಬರಕೂಡದು. ಹೊರಗಿನ ಪೈಪಿಗೆ ಕಟ್ಟಿದ್ದ ಕರೀ ಫೋಮನ್ನ ಕೋತಿಗಳು ಹರಿದು ಹಾಕಿದ್ದವು. ಈ ಸಲ ಫೋಮ್ ಸುತ್ತಿದ ಪೈಪನ್ನ 63 ಮಿಲಿಮೀಟರಿನ ಪಿವಿಸಿ ಪೈಪಿನೊಳಗೆ ತೂರಿಸಿದೆವು. ಬಿಸಿಲಿಗೂ ಅದೇ ರಕ್ಷಣೆ.

ಕೆಲಸ ಮುಗಿದ ಮೇಲೆ ಪರೀಕ್ಷೆಯ ಕ್ರಮ ಹೀಗಿತ್ತು. ಬೆಳಗಿನ ಜಾವ, ಟ್ಯೂಬುಗಳು ತಣ್ಣಗಿರುವಾಗಲೇ ನೀರು ತುಂಬಿಸಿದೆವು; ಬಿಸಿಲಿಗೆ ಕಾದ ಒಣ ಗಾಜಿನ ಟ್ಯೂಬಿಗೆ ತಣ್ಣೀರು ಬಿದ್ದರೆ ಒಡೆಯುತ್ತೆ. ವೆಂಟಿನಿಂದ ಗಾಳಿ ಬುಸುಗುಟ್ಟುತ್ತಾ ಹೊರಬಂದು ನಿಂತಿತು. ಎರಡು ದಿನ ಕಾಯೋಕೆ ಬಿಟ್ಟು, ಸೋಲಾರಿನ ಗೇಟ್ ವಾಲ್ವ್ ಮುಚ್ಚಿ ಬಿಸಿ ನಲ್ಲಿ ತೆಗೆದೆವು: ಸ್ವಲ್ಪ ಹೊತ್ತು ಬಂದು ನಿಂತಿತು, ದಾಟುವಿಕೆ ಇಲ್ಲ. ವಾಲ್ವ್ ತೆಗೆದು ಅಜ್ಜಿಯ ಬಚ್ಚಲಮನೆಯ ಶವರ್ ಬಿಟ್ಟು, ನಡುವೆ ತಣ್ಣೀರಿನ ಆಂಗಲ್ ವಾಲ್ವನ್ನ ಬೇಕೆಂತಲೇ ಮುಚ್ಚಿದೆವು. ಕೆಲವೇ ಸೆಕೆಂಡಿನಲ್ಲಿ ಶವರ್ ಸಣ್ಣ ಎಳೆಯಾಯಿತು. ಇದನ್ನ ಕೈ ಇಡದೆ, ಬಕೆಟ್ ಮತ್ತು ಥರ್ಮಾಮೀಟರ್ ಇಟ್ಟು ನೋಡಬೇಕು. ಕೊನೆಗೆ ಆರ್‌ಸಿಸಿಬಿ ಗುಂಡಿ ಒತ್ತಿದಾಗ ಟಕ್ ಅಂತ ಬಿತ್ತು. ದೊಡ್ಡಪ್ಪ ಮಾತ್ರ ಶವರಿನ ಫೋರ್ಸು ಪಂಪಿನಷ್ಟಿಲ್ಲ ಅಂತ ಗೊಣಗಿದರು. ಅದು ನಿಜ. ದೊಡ್ಡ ತಲೆಯ ಬದಲು ಅಗಲ ತೂತಿನ ಸಣ್ಣ ಶವರ್ ತಲೆ ಹಾಕಿಸಿದ ಮೇಲೆ ಸ್ವಲ್ಪ ಸುಧಾರಿಸಿತು, ಅದಕ್ಕಿಂತ ಹೆಚ್ಚು ಬೇಕಾದರೆ ಕರೀ ಟ್ಯಾಂಕನ್ನೇ ಇನ್ನೊಂದು ಮೀಟರ್ ಎತ್ತಿ, ಅದರ ಜೊತೆ ವೆಂಟ್ ಪೈಪನ್ನೂ ಅಷ್ಟೇ ಎತ್ತಬೇಕು.